ಎಂಟು ಸ್ಲೈಡು, ಐದು ನಿಮಿಷ, ಒಂದು ಎರೆ ಹೊಲ

ಕೃಷಿ ಪದವಿಯ ವಿದ್ಯಾರ್ಥಿಯೊಬ್ಬ ಸೆಮಿನಾರಿಗೆಂದು ಮಣ್ಣಿನ ಸವಕಳಿ ಬಗ್ಗೆ 8 ಸ್ಲೈಡ್ ಮಾಡಿಕೊಂಡಿದ್ದಾನೆ ಅನ್ನಿ. ವ್ಯಾಖ್ಯೆ, ವಿಧಗಳು, ಕಾರಣಗಳು, ಪರಿಣಾಮಗಳು, ಸೂತ್ರ, ತಡೆಯುವ ಕ್ರಮಗಳು; ಮೊದಲಿಗೆ ಶೀರ್ಷಿಕೆ, ಕೊನೆಗೆ ಧನ್ಯವಾದ. ಮಾತಾಡಲು ಇರುವುದು 5 ನಿಮಿಷ. ಕೇಳುವವರಿಗೆ ತಿಳಿಯುವ ವೇಗದಲ್ಲಿ ಹೇಳಿದರೆ ಅಷ್ಟು ಹೊತ್ತಿನಲ್ಲಿ 400 ಚಿಲ್ಲರೆ ಪದ ಹಿಡಿಸುತ್ತವೆ. ಅದನ್ನು ಎಲ್ಲ ಸ್ಲೈಡಿಗೂ ಸಮನಾಗಿ ಹಂಚಿದರೆ ಯಾವುದನ್ನೂ ವಿವರಿಸಿದಂತಾಗುವುದಿಲ್ಲ. ಸ್ಲೈಡಿನಲ್ಲಿರುವುದು ಬರೀ ಹೆಸರುಗಳು. ಒಂದರಿಂದ ಇನ್ನೊಂದು ಹೇಗೆ ಹುಟ್ಟುತ್ತದೆ ಎಂಬುದು ಮಾತಿನಲ್ಲಿ ಬರಬೇಕು. ಅದಕ್ಕೆ ಒಂದೇ ಹೊಲವನ್ನು ಹಿಡಿದುಕೊಳ್ಳುವುದು ಒಳ್ಳೆಯದು. ಗಾಳಿ, ಗಣಿ, ಕಡಲ್ಕೊರೆತ ಪರದೆಯ ಮೇಲೆ ಇರಲಿ, ಬಾಯಿಗೆ ಬೇಡ.

ಶೀರ್ಷಿಕೆ ಪರದೆಯ ಮೇಲಿರುವಾಗಲೇ ಶುರು ಮಾಡಬಹುದು: “ವಿಜಯಪುರದ ಕಡೆ ಆಳವಾದ ಎರೆ ಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವವರು ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಡುವುದು ವಾಡಿಕೆ. ಅಂದರೆ ಆ ತಿಂಗಳುಗಳ ಮಳೆಯೆಲ್ಲ ಬರಿ ಮಣ್ಣಿನ ಮೇಲೆ ಬೀಳುತ್ತದೆ. ಆಗ ಏನಾಗುತ್ತದೆ ನೋಡೋಣ.” ವ್ಯಾಖ್ಯೆಯ ಸ್ಲೈಡನ್ನು ಓದಿ ಹೇಳುವ ಅಗತ್ಯವಿಲ್ಲ.

ಹೆಚ್ಚು ಹೊತ್ತು, ಸುಮಾರು 2 ನಿಮಿಷ, ವಿಧಗಳ ಸ್ಲೈಡಿಗೆ ಕೊಡಬೇಕು. ಅಲ್ಲಿ ನಾಲ್ಕು ಬೇರೆ ಬೇರೆ ವಿಧಗಳಂತೆ ಬರೆದದ್ದು ಹೊಲದಲ್ಲಿ ಒಂದರ ಬೆನ್ನಿಗೆ ಒಂದು ಬರುತ್ತದೆ: “ದೊಡ್ಡ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಹೆಂಟೆ ಒಡೆದು ಕಣಗಳು ಸಿಡಿಯುತ್ತವೆ. ಒಣಗಿ ಬಿರುಕು ಬಿಟ್ಟ ಎರೆ ಮೊದಲ ಮಳೆಯನ್ನು ಕುಡಿಯುತ್ತದೆ. ನೆನೆದ ಮೇಲೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರಿಗೆ ಇಳಿಯಲು ದಾರಿಯಿಲ್ಲ, ಅದು ಸಿಡಿದ ಕಣಗಳನ್ನು ಹೊತ್ತು ತೆಳ್ಳಗೆ ಹರಿಯುತ್ತದೆ. ಇದು ಪದರ ಸವಕಳಿ, ಕಣ್ಣಿಗೆ ಬೀಳುವುದೇ ಇಲ್ಲ. ನೀರು ತಗ್ಗಿಗೆ ಸೇರಿ ಹರಿದಾಗ ಸಣ್ಣ ಕೊರಕಲು. ಕುಂಟೆ ಹೊಡೆದರೆ ಅಳಿಸಿಹೋಗುವಷ್ಟಿದ್ದರೆ ಅದು ಕೊರಕಲು. ಕುಂಟೆಗೆ ದಾಟಲಾಗದಷ್ಟು ಆಳವಾದರೆ ಕಂದಕ.”

ಕಾರಣಗಳು ಇದರೊಳಗೇ ಬಂದುಬಿಟ್ಟವು, ಆ ಸ್ಲೈಡನ್ನು ದಾಟಿಸಬಹುದು. ಪರಿಣಾಮಗಳಿಗೆ ಒಂದು ಲೆಕ್ಕ ಸಾಕು. ಒಂದು ಎಕರೆಯ ಮೇಲ್ಮಣ್ಣು 1 ಮಿಲಿಮೀಟರ್ ಹೋದರೆ ಸುಮಾರು 4 ಘನ ಮೀಟರ್ ಆಗುತ್ತದೆ. ಘನ ಮೀಟರಿಗೆ 1.3 ಟನ್ ಹಿಡಿದರೆ 5 ಟನ್ನಿಗೂ ಹೆಚ್ಚು. ಹೊಲದಲ್ಲಿ ನಿಂತವನಿಗೆ ಏನೂ ಹೋದಂತೆ ಕಾಣುವುದಿಲ್ಲ. ಈ ವಾಕ್ಯದ ನಂತರ ಒಂದು ಕ್ಷಣ ಸುಮ್ಮನಿರಬೇಕೆಂದು ಹಸ್ತಪ್ರತಿಯಲ್ಲೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಸಭೆಗೆ ಲೆಕ್ಕ ಇಳಿಯಲು ಅಷ್ಟು ಹೊತ್ತು ಬೇಕು.

ಸೂತ್ರದ ಸ್ಲೈಡಿನಲ್ಲಿ A = R × K × LS × C × P ಇರುತ್ತದೆ. ಎಲ್ಲ ಅಕ್ಷರಗಳನ್ನು ಬಿಡಿಸುತ್ತ ಕೂತರೆ ಸಮಯ ಅಲ್ಲೇ ಮುಗಿಯುತ್ತದೆ. ನಮ್ಮ ಹೊಲಕ್ಕೆ ಬೇಕಾದದ್ದು C, ಮಣ್ಣಿನ ಹೊದಿಕೆ: “ಉತ್ತು ಬರಿದಾಗಿ ಬಿಟ್ಟ ನೆಲಕ್ಕೆ C ಬೆಲೆ 1. ಬೆಳೆಯೋ ಕಸಕಡ್ಡಿಯೋ ಹೊದ್ದರೆ ಅದು ಇಳಿಯುತ್ತದೆ. ಉಳಿದವು ಹಾಗೇ ಇದ್ದು C 0.4 ಆದರೆ ಸವಕಳಿಯೂ ಶೇ. 40ಕ್ಕೆ ಇಳಿಯುತ್ತದೆ. ಮಳೆಯನ್ನೂ ಇಳಿಜಾರನ್ನೂ ರೈತ ಸುಲಭಕ್ಕೆ ಬದಲಿಸಲಾರ, C ಮತ್ತು P ಅವನ ಕೈಯಲ್ಲಿವೆ.” P ಅಂದರೆ ಒಡ್ಡು, ಅಡ್ಡ ಉಳುಮೆಯಂಥ ಕ್ರಮ. ಮಾತು ಮುಂದಿನ ಸ್ಲೈಡಿಗೆ ತಾನಾಗಿ ದಾಟುತ್ತದೆ.

ಆ ಸ್ಲೈಡಿನಲ್ಲಿ ಸಮಪಾತಳಿ ಒಡ್ಡು ಮೊದಲಿಗೇ ಇರುತ್ತದೆ. ಆಳವಾದ ಎರೆಯಲ್ಲಿ ಅದು ತೊಂದರೆ ಕೊಡುತ್ತದೆ. ಇಂಗದ ನೀರು ಒಡ್ಡಿನ ಹಿಂದೆ ನಿಂತು ಬೆಳೆ ಕೊಳೆಯುತ್ತದೆ, ಬೇಸಗೆಯಲ್ಲಿ ಬಿರಿದ ಒಡ್ಡು ಮುಂದಿನ ಮಳೆಗೆ ಒಡೆಯುತ್ತದೆ. ಒಡೆದ ಜಾಗದಲ್ಲೇ ಕಂದಕ ಶುರು. ಅದಕ್ಕೇ ಇಂಥ ಮಣ್ಣಿಗೆ ಹೆಚ್ಚಿನ ನೀರನ್ನು ನಿಧಾನವಾಗಿ ಹೊರಗೆ ಹರಿಸುವ ಇಳಿಜಾರು ಒಡ್ಡು ಹೇಳುತ್ತಾರೆ. ಹಿಂಗಾರಿ ಹೊಲಕ್ಕೆ ಚೌಕುಮಡಿ: ಮುಂಗಾರಿನಲ್ಲಿ 3ರಿಂದ 6 ಮೀಟರ್ ಅಳತೆಯ ಚೌಕಗಳಾಗಿ ಸಣ್ಣ ಬದು ಎಬ್ಬಿಸುವುದು, ಇಳಿಜಾರು ಹೆಚ್ಚಿದ್ದಷ್ಟೂ ಚೌಕ ಚಿಕ್ಕದು. ನೀರು ಬಿದ್ದಲ್ಲೇ ನಿಂತು ಇಂಗುತ್ತದೆ. ಬಿತ್ತುವ ಮುಂಚೆ ಬದು ಒಡೆದು ಹರಗಿದರಾಯಿತು.

ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿದಾಗ 5 ನಿಮಿಷ ದಾಟಿದರೆ ಸೂತ್ರದ ಭಾಗವನ್ನು ಮೊಟಕುಮಾಡಬೇಕು, ಎರೆಯ ಒಡ್ಡಿನ ಮಾತನ್ನಲ್ಲ. ಹೇಗೂ ಪ್ರಶ್ನೆ ಬರುವುದು ಸೂತ್ರದ ಮೇಲೆಯೇ: ನಿನ್ನೆ ಸುರಿದ ಮಳೆಗೆ ಎಷ್ಟು ಮಣ್ಣು ಹೋಯಿತೆಂದು ಇದರಿಂದ ಹೇಳಬಹುದೇ? ಉತ್ತರ ಬರೆದಿಟ್ಟುಕೊಂಡಿರಲಿ. “ಇಲ್ಲ ಸಾರ್, ಇದು ಹಲವು ವರ್ಷಗಳ ಸರಾಸರಿ. ಪದರ ಮತ್ತು ಕೊರಕಲು ಸವಕಳಿಗೆ ಮಾತ್ರ, ಕಂದಕದ ಮಣ್ಣು ಇದರಲ್ಲಿ ಸೇರಿಲ್ಲ.”