ಬಿದಿರಿನ ಸರಪಳಿ, ತಾಮ್ರದ ದಾಮ್, ಬರೆ ಹಾಕಿದ ಕುದುರೆ

ಸೆಣಬಿನ ಹಗ್ಗ ಒದ್ದೆಯಾದರೆ ಕುಗ್ಗುತ್ತದೆ, ಒಣಗಿದರೆ ಹಿಗ್ಗುತ್ತದೆ. ಹದಿನಾರನೆಯ ಶತಮಾನದ ಉತ್ತರ ಭಾರತದಲ್ಲಿ ಜಮೀನು ಅಳೆಯುತ್ತಿದ್ದುದು ಇಂಥ ಹಗ್ಗದಿಂದಲೇ. ಬೆಳಗಿನ ಮಂಜಿನಲ್ಲಿ ನೆನೆದ ಹಗ್ಗ ಹಿಡಿದು ಹೊಲಕ್ಕಿಳಿದರೆ ಅದೇ ಹೊಲ ಹೆಚ್ಚು ಬಿಘಾ ತೋರಿಸುತ್ತಿತ್ತು, ರೈತನ ಕಂದಾಯ ಏರುತ್ತಿತ್ತು. ಬಿಸಿಲೇರಿ ಹಗ್ಗ ಒಣಗಿದ ಮೇಲೆ ಅಳೆದರೆ ಬಿಘಾ ಕಡಿಮೆಯಾಗಿ ಬೊಕ್ಕಸಕ್ಕೆ ನಷ್ಟ. ಬೇಕೆಂದೇ ಹಗ್ಗವನ್ನು ಇಬ್ಬನಿಯಲ್ಲಿ ಬಿಟ್ಟು, ನೀರು ಹಾಕಿ ನೆನೆಸುವ ಅಳತೆಯವರೂ ಇದ್ದರು. ಅಕ್ಬರನ ಆಸ್ಥಾನದ ಅಬುಲ್ ಫಜಲ್ ತನ್ನ 'ಐನ್-ಇ-ಅಕ್ಬರಿ'ಯಲ್ಲಿ ಈ ಕಿತಾಪತಿಯನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ.

ಪರಿಹಾರ ಸರಳವಾಗಿತ್ತು. 1574–75ರ ಸುಮಾರಿಗೆ ಹಗ್ಗವನ್ನು ಕೈಬಿಟ್ಟು, ಬಿದಿರಿನ ತುಂಡುಗಳನ್ನು ಕಬ್ಬಿಣದ ಬಳೆಗಳಿಂದ ಕೋದ ಅಳತೆಗೋಲನ್ನು ಬಳಕೆಗೆ ತಂದರು. ಬಿದಿರು ಕುಗ್ಗುವುದಿಲ್ಲ, ಹಿಗ್ಗುವುದಿಲ್ಲ. ಹಗ್ಗದ ಬಿಘಾ ಬಿದಿರಿನ ಬಿಘಾಕ್ಕಿಂತ ನೂರಕ್ಕೆ ಸುಮಾರು 13ರಷ್ಟು ಚಿಕ್ಕದಾಗಿತ್ತು ಎನ್ನುತ್ತದೆ ಐನ್. ಅಷ್ಟು ಭೂಮಿಗೆ ಅಲ್ಲಿಯವರೆಗೆ ಇಲ್ಲದ ಹೊಲದ ಲೆಕ್ಕದಲ್ಲಿ ತೆರಿಗೆ ಕಟ್ಟಿದವನು ರೈತ.

ಮೊಗಲರನ್ನು ಇತಿಹಾಸಕಾರರು ತುರ್ಕಿಯ ಆಟೊಮನ್ನರು, ಇರಾನಿನ ಸಫವಿಗಳ ಜೊತೆ ಸೇರಿಸಿ 'ಮದ್ದುಗುಂಡಿನ ಸಾಮ್ರಾಜ್ಯ' ಎಂದು ಕರೆಯುವುದುಂಟು. ಆದರೆ ಫಿರಂಗಿಗೂ ಕುದುರೆಸವಾರನಿಗೂ ಹಣ ಬರಬೇಕಾದದ್ದು ಹೊಲದಿಂದಲೇ. ಯಾವ ಹೊಲದಿಂದ ಎಷ್ಟು ಬರುತ್ತದೆ ಎಂಬುದನ್ನು ಮೊದಲೇ ಒಂದು ಅಂಕಿಯಾಗಿ ಬರೆದಿಟ್ಟು, ಆ ಅಂಕಿಯನ್ನೇ ಅಧಿಕಾರಿಗೆ ಸಂಬಳವಾಗಿ ಕೊಡುವುದು ಮೊಗಲ್ ಆಡಳಿತದ ಜೀವಾಳ. ಅದರ ರೋಗವೂ ಅಲ್ಲೇ ಹುಟ್ಟಿತು.

ಮೊದಲು ಹೊಲದ ಲೆಕ್ಕ ನೋಡೋಣ. ಭೂಮಿಯನ್ನು ನಾಲ್ಕಾಗಿ ವಿಂಗಡಿಸಿದ್ದರು. ಪ್ರತಿವರ್ಷ ಬೆಳೆ ತೆಗೆಯುವುದು ಪೋಲಜ್. ಸತ್ವ ಮರಳಲೆಂದು ಸ್ವಲ್ಪ ಕಾಲ ಬಿಡುವುದು ಪರೌತಿ. ಮೂರು ನಾಲ್ಕು ವರ್ಷ ಬೀಳು ಬಿದ್ದದ್ದು ಚಾಚರ್. ಐದು ವರ್ಷ ಮೇಲ್ಪಟ್ಟು ಬೀಳಾದದ್ದು ಬಂಜರ್. ಬಂಜರು ಒಡೆದು ಸಾಗುವಳಿ ಮಾಡಿದವನಿಗೆ ಮೊದಲ ವರ್ಷಗಳಲ್ಲಿ ಕಂದಾಯ ಕಡಿಮೆ, ಆಮೇಲೆ ಹಂತಹಂತವಾಗಿ ಪೂರ್ತಿ ದರ. ಪೋಲಜ್ ಮತ್ತು ಪರೌತಿಯಲ್ಲಿ ಮತ್ತೆ ಉತ್ತಮ, ಮಧ್ಯಮ, ಕನಿಷ್ಠ ಎಂಬ ಮೂರು ದರ್ಜೆ.

ಐನ್ ಕೊಡುವ ಗೋಧಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಒಂದು ಬಿಘಾಕ್ಕೆ ಉತ್ತಮ ಭೂಮಿಯಲ್ಲಿ 18 ಮಣ, ಮಧ್ಯಮದಲ್ಲಿ 12 ಮಣ, ಕನಿಷ್ಠದಲ್ಲಿ 8 ಮಣ 35 ಸೇರು. ಮಣಕ್ಕೆ 40 ಸೇರು. ಮೂರನ್ನೂ ಕೂಡಿದರೆ 38 ಮಣ 35 ಸೇರು. ಅದರ ಮೂರನೇ ಒಂದು ಭಾಗ, ಅಂದರೆ ಸರಾಸರಿ ಇಳುವರಿ, ಸುಮಾರು 12 ಮಣ 38 ಸೇರು. ಈ ಸರಾಸರಿಯ ಮೂರನೇ ಒಂದು ಭಾಗ ಸರ್ಕಾರದ ಪಾಲು: 4 ಮಣ 12 ಮುಕ್ಕಾಲು ಸೇರು. ಈ ಕ್ರಮ ಅಕ್ಬರನದ್ದಲ್ಲ, ಅವನಿಗಿಂತ ಮುಂಚೆ ಐದೇ ವರ್ಷ ಆಳಿದ ಶೇರ್ ಶಾ ಸೂರಿಯದ್ದು. ಇದರಲ್ಲಿ ಒಂದು ಅನ್ಯಾಯ ಅಡಗಿದೆ, ಗಮನಿಸಿ. ಉತ್ತಮ ಭೂಮಿಯವನು ತನ್ನ 18 ಮಣದಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಕೊಟ್ಟು ಪಾರಾಗುತ್ತಾನೆ. ಕನಿಷ್ಠ ಭೂಮಿಯವನು ಸುಮಾರು 9 ಮಣದಲ್ಲಿ ಹೆಚ್ಚುಕಡಿಮೆ ಅರ್ಧ ಕೊಡಬೇಕು. ಸರಾಸರಿ ಎಂಬುದು ಲೆಕ್ಕ ಬರೆಯುವವನಿಗೆ ಅನುಕೂಲ, ಬಡ ಹೊಲದವನಿಗೆ ಅಲ್ಲ.

ಧಾನ್ಯದ ಲೆಕ್ಕ ಆಯಿತು. ಆದರೆ ಸರ್ಕಾರಕ್ಕೆ ಬೇಕಾದದ್ದು ನಗದು. ಆಗ ಬಳಕೆಯಲ್ಲಿದ್ದ ತಾಮ್ರದ ನಾಣ್ಯ ದಾಮ್, ರೂಪಾಯಿಗೆ 40. ಧಾನ್ಯವನ್ನು ದಾಮಿಗೆ ಪರಿವರ್ತಿಸಲು ಯಾವ ಊರಿನ ಬೆಲೆ ಹಿಡಿಯಬೇಕು? ಬಾದಶಹನ ದಂಡು ಬೀಡುಬಿಟ್ಟ ಕಡೆ ಎಲ್ಲವೂ ತುಟ್ಟಿ. ಆ ಬೆಲೆಯನ್ನೇ ದೂರದ ಹಳ್ಳಿಗೂ ಹಾಕಿದಾಗ ರೈತ ನೆಲಕಚ್ಚಿದ. ಹಾಗಾದರೆ ಆಯಾ ಸೀಮೆಯ ಬೆಲೆಯನ್ನು ಪ್ರತಿವರ್ಷ ತರಿಸಿ ನೋಡೋಣವೆಂದರೆ, ವರದಿ ಬರುವುದು ತಡವಾಗುತ್ತಿತ್ತು. ಬೆಲೆ ಬರೆದು ಕಳಿಸುವವರು ಕೈಬಿಸಿ ಮಾಡಿಸಿಕೊಳ್ಳುವುದೂ ಶುರುವಾಯಿತು. ಅತ್ತ ಸುಗ್ಗಿ ಮುಗಿದರೂ ದರ ಗೊತ್ತಾಗದು, ಇತ್ತ ದಂಡಿಗೆ ಬಟವಾಡೆ ನಿಲ್ಲುವಂತಿಲ್ಲ.

1580ರಲ್ಲಿ ಇದಕ್ಕೆ ಹೊಸ ದಾರಿ ಹುಡುಕಿದವರು ಖ್ವಾಜಾ ಶಾ ಮನ್ಸೂರ್ ಮತ್ತು ರಾಜಾ ತೋದರಮಲ್ಲ. ತೋದರಮಲ್ಲ ಶೇರ್ ಶಾನ ಕೈಕೆಳಗೇ ಪಳಗಿದ ಖತ್ರಿ. ಪಂಜಾಬಿನ ರೋಹ್ತಾಸ್ ಕೋಟೆ ಕಟ್ಟಿಸಿದ ಅನುಭವವಿದ್ದವನು, ಯುದ್ಧಕ್ಕೂ ಸೈ, ಲೆಕ್ಕಕ್ಕೂ ಸೈ. ಹಿಂದಿನ ಹತ್ತು ವರ್ಷಗಳ ಇಳುವರಿ ಮತ್ತು ಬೆಲೆಯ ದಾಖಲೆ ಸೇರಿಸಿ, ಪ್ರತಿ ಬೆಳೆಗೂ ಬಿಘಾಕ್ಕೆ ಇಷ್ಟು ದಾಮ್ ಎಂದು ಗೊತ್ತುಮಾಡಿದರು. ಒಂದೇ ಬಗೆಯ ಮಣ್ಣು, ಒಂದೇ ಬಗೆಯ ಪೇಟೆ ಇರುವ ಪರಗಣಗಳನ್ನು ಗುಂಪುಮಾಡಿ, ಒಂದೊಂದು ಗುಂಪಿಗೆ ಒಂದೊಂದು ದರಪಟ್ಟಿ. ಇದೇ 'ದಹಸಾಲಾ', ಹತ್ತು ವರ್ಷದ ಬಂದೋಬಸ್ತು. ಇನ್ನು ಮುಂದೆ ಸುಗ್ಗಿಯಲ್ಲಿ ಮಾಡಬೇಕಾದ ಕೆಲಸ ಎರಡೇ: ಯಾವ ಬೆಳೆ ಎಷ್ಟು ಬಿಘಾ ಎಂದು ಅಳೆಯುವುದು, ದರದಿಂದ ಗುಣಿಸುವುದು. ಬೆಳೆ ಹಾಳಾದ ಭಾಗವನ್ನು 'ನಾಬೂದ್' ಎಂದು ಬರೆದು ಕಳೆಯುತ್ತಿದ್ದರು. ಅಳತೆಯ ತಂಡದ ಖರ್ಚಿಗೆ ಬಿಘಾಕ್ಕೆ ಒಂದು ದಾಮ್ ಬೇರೆ.

ದರ ಮೊದಲೇ ಗೊತ್ತಿದ್ದರಿಂದ ರೈತನಿಗೂ ಒಂದಿಷ್ಟು ನೆಮ್ಮದಿ. ಆದರೆ ನಗದು ದರ ಗಟ್ಟಿಯಾಗಿ ನಿಂತಾಗ ಧಾನ್ಯದ ಬೆಲೆ ಬಿದ್ದರೆ? ಹಾಗೆಯೇ ಆಯಿತು. 1585ರ ನಂತರದ ಕೆಲವು ವರ್ಷ ದಿಲ್ಲಿ, ಅವಧ್, ಅಲಹಾಬಾದ್ ಕಡೆ ಬೆಳೆ ಹುಲುಸಾಗಿ ಬಂದು ಬೆಲೆ ಕುಸಿಯಿತು. ಕಣಜ ತುಂಬಿದ್ದರೂ ಕಂದಾಯಕ್ಕೆ ದುಡ್ಡಿಲ್ಲ. ಅಕ್ಬರ್ ಕಂದಾಯದಲ್ಲಿ ರಿಯಾಯಿತಿ ಕೊಡಬೇಕಾಯಿತು.

ಅಳೆಯುವವರು, ವಸೂಲಿ ಮಾಡುವವರು ಯಾರು? ಹಳ್ಳಿಯಲ್ಲಿ ಪಟ್ವಾರಿ, ನಮ್ಮ ಶಾನುಭೋಗನಂತೆ ಲೆಕ್ಕ ಇಡುವವನು. ಪರಗಣದಲ್ಲಿ ಕಾನೂಂಗೋ, ಹಳೆಯ ದರ, ದಾಖಲೆ, ಪದ್ಧತಿಗಳನ್ನೆಲ್ಲ ಬಲ್ಲ ವಂಶಪಾರಂಪರ್ಯದ ಸ್ಥಳೀಯ. ಅವರ ಮೇಲೆ ಸರ್ಕಾರ ನೇಮಿಸಿದ ಅಮಿಲ, ಅವನ ಬರವಣಿಗೆಗೆ ಬಿತಿಕ್ಚಿ, ಹಣಕ್ಕೆ ಫೋತದಾರ. ತಕರಾರು ಬಂದರೆ ಬಲಕ್ಕೆ ಫೌಜದಾರ. 1574–75ರಲ್ಲಿ ಅಕ್ಬರ್ ಜಾಗೀರುಗಳನ್ನು ಬಹುಮಟ್ಟಿಗೆ ವಾಪಸು ಪಡೆದು, ಒಂದು ಕೋಟಿ ದಾಮ್, ಅಂದರೆ ಎರಡೂವರೆ ಲಕ್ಷ ರೂಪಾಯಿ ಹುಟ್ಟುವಷ್ಟು ಸೀಮೆಗೆ ಒಬ್ಬೊಬ್ಬ ಅಧಿಕಾರಿಯನ್ನು ಕೂರಿಸಿದ. ಅವನನ್ನು ಜನ 'ಕರೋರಿ' ಎಂದರು. ಉದ್ದೇಶ ಒಳ್ಳೆಯದೇ: ಅಳೆಯಿರಿ, ಬೀಳು ಭೂಮಿಯನ್ನು ಸಾಗುವಳಿಗೆ ತನ್ನಿ, ನಿಜವಾದ ಅಂಕಿ ಕೊಡಿ. ನಡೆದದ್ದು ಬೇರೆ. ರೈತರು ಹೆಂಡತಿ ಮಕ್ಕಳನ್ನು ಮಾರಿ ದಿಕ್ಕಾಪಾಲಾದರು, ಆಮೇಲೆ ಬಾಕಿ ತೋರಿಸಿ ಆ ಕರೋರಿಗಳನ್ನೇ ಹಿಂಸಿಸಿದರು ಎಂದು ಬದಾಯೂನಿ ಬರೆಯುತ್ತಾನೆ. ಬದಾಯೂನಿಗೆ ಅಕ್ಬರನ ಮೇಲೆ ಸಿಟ್ಟಿತ್ತು, ಮಾತನ್ನು ಸ್ವಲ್ಪ ತೂಗಿ ನೋಡಬೇಕು. ಆದರೆ ಬಾಕಿಯ ಕಥೆ ಸುಳ್ಳಲ್ಲ. 1585ರಲ್ಲಿ ಅದನ್ನು ಬಿಡಿಸಲು ಕೂತವನು ವಿಜಾಪುರದ ಆದಿಲ್ ಶಾಹಿ ಆಸ್ಥಾನದಲ್ಲಿ ಇದ್ದು, ಅಲ್ಲಿಂದ ಅಕ್ಬರನ ಬಳಿ ಹೋದ ಪಂಡಿತ ಫತಹುಲ್ಲಾ ಶಿರಾಜಿ. ವಸೂಲಾಗದ ಕಾಗದದ ಬಾಕಿಗಾಗಿ ಅಧಿಕಾರಿಗಳನ್ನು ಸೆರೆಯಲ್ಲಿಡುವುದರಲ್ಲಿ ಅರ್ಥವಿಲ್ಲವೆಂಬುದು ಅವನ ಸಲಹೆಗಳ ಸಾರ.

ಈಗ ದರ್ಜೆಯ ಮಾತು. ಮೊಗಲ್ ಸೇವೆಯಲ್ಲಿದ್ದ ಪ್ರತಿ ಮನ್ಸಬ್‌ದಾರನಿಗೂ ಒಂದು ಸಂಖ್ಯೆ, 10ರಿಂದ 5000ದವರೆಗೆ. ಅದಕ್ಕೂ ಮೇಲಿನದು ಬಹುತೇಕ ರಾಜಕುಮಾರರಿಗೆ ಮೀಸಲು. ಮುಂದೆ ಈ ಸಂಖ್ಯೆ ಎರಡಾಯಿತು: ಅವನ ಸ್ವಂತ ಸ್ಥಾನ, ಸಂಬಳಕ್ಕೆ 'ಜಾತ್', ಅವನು ಸಾಕಬೇಕಾದ ಸವಾರರಿಗೆ 'ಸವಾರ್'. ಐನ್ ಪ್ರಕಾರ ಮೊದಲ ವರ್ಗದ 5000ದವನಿಗೆ ತಿಂಗಳಿಗೆ 30,000 ರೂಪಾಯಿ, 10ರವನಿಗೆ 100. ಸವಾರರ ಹೆಸರಲ್ಲಿ ಹಣ ನುಂಗಬಾರದೆಂದು ಕುದುರೆಗೆ ಬರೆ ಹಾಕುತ್ತಿದ್ದರು, ಸವಾರನ ಮುಖಚಹರೆ ಬರೆದಿಡುತ್ತಿದ್ದರು.

ಹೊಲಕ್ಕೂ ಕುದುರೆಗೂ ನಂಟು ಹೇಗೆಂದು ಒಂದು ಅಂದಾಜು ಮಾಡೋಣ. ಐನ್‌ನಲ್ಲಿ ಗೋಧಿಯ ಬೆಲೆ ಮಣಕ್ಕೆ 12 ದಾಮ್. ಮೇಲಿನ 4 ಮಣ 12 ಮುಕ್ಕಾಲು ಸೇರಿಗೆ ಸುಮಾರು 52 ದಾಮ್ ಆಗುತ್ತದೆ. ಒಬ್ಬ ಸವಾರನಿಗೆ ತಿಂಗಳಿಗೆ 20 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 240, ಅಂದರೆ 9,600 ದಾಮ್. ಒಂದು ಕುದುರೆ, ಒಬ್ಬ ಸವಾರ ನಿಲ್ಲಬೇಕಾದರೆ 185 ಬಿಘಾ ಗೋಧಿ ಹೊಲದ ಕಂದಾಯ ಬೇಕು, ಇಂದಿನ ಲೆಕ್ಕದಲ್ಲಿ ನೂರು ಎಕರೆಗೂ ಮೇಲೆ.

ಸಂಬಳವನ್ನು ಬಹುಪಾಲು ಮಂದಿಗೆ ನಗದಾಗಿ ಕೊಡುತ್ತಿರಲಿಲ್ಲ. ಅವನ ಸಂಬಳಕ್ಕೆ ಸರಿಹೊಂದುವ ಅಂದಾಜು ಆದಾಯದ ಪರಗಣಗಳನ್ನು ಜಾಗೀರಾಗಿ ಬರೆದುಕೊಡುತ್ತಿದ್ದರು. ಆ ಅಂದಾಜಿಗೆ 'ಜಮಾ' ಎಂದು ಹೆಸರು, ಕೈಗೆ ಬಂದದ್ದು 'ಹಾಸಿಲ್'. ಭೂಮಿ ಅವನದಲ್ಲ, ಕಂದಾಯದ ಹಕ್ಕು ಮಾತ್ರ. ಅದೂ ಮೂರು ನಾಲ್ಕು ವರ್ಷಕ್ಕೊಮ್ಮೆ ಬೇರೆಡೆಗೆ ವರ್ಗ. ಬೇರು ಬಿಟ್ಟು ಬಂಡಾಯ ಏಳಬಾರದು ಎಂಬುದು ಇದರ ಹಿಂದಿನ ಎಚ್ಚರ.

ಜಮಾಕ್ಕೂ ಹಾಸಿಲಿಗೂ ಹೊಂದಾಣಿಕೆ ಇರುವವರೆಗೆ ಎಲ್ಲ ಸರಿ. ಶಹಜಹಾನನ ಕಾಲಕ್ಕೆ ಅಂತರ ಎಷ್ಟು ಬೆಳೆಯಿತೆಂದರೆ, ಜಾಗೀರುಗಳನ್ನು ಎಂಟು ತಿಂಗಳದ್ದು, ಆರು ತಿಂಗಳದ್ದು ಎಂದು ಬಹಿರಂಗವಾಗಿಯೇ ದಾಖಲಿಸಿದರು. ಹನ್ನೆರಡು ತಿಂಗಳ ಸಂಬಳಕ್ಕೆ ಆರು ತಿಂಗಳ ಹುಟ್ಟುವಳಿ. ಅದಕ್ಕೆ ತಕ್ಕಂತೆ ಸಾಕಬೇಕಾದ ಸವಾರರೂ ಕಡಿಮೆ. ದಖ್ಖನ್ನಿನಲ್ಲಿ ಇದು ವಿಪರೀತವಾಗಿತ್ತು. 1650ರ ದಶಕದಲ್ಲಿ ದಿವಾನ ಮುರ್ಷಿದ್ ಕುಲಿ ಖಾನ್ ತೋದರಮಲ್ಲನ ಅಳತೆಯನ್ನು ಅಲ್ಲಿಗೂ ತಂದು ಒಂದಿಷ್ಟು ಸುಧಾರಿಸಿದ. ಆದರೆ 1686ರಲ್ಲಿ ವಿಜಾಪುರ, ಮರುವರ್ಷ ಗೋಲ್ಕೊಂಡ ಔರಂಗಜೇಬನ ವಶವಾಗಿ, ಶಿರಾದಲ್ಲಿ ಮೊಗಲ್ ಆಡಳಿತ ನೆಲೆಯಾದಾಗ, ಒಲಿಸಿಕೊಳ್ಳಬೇಕಾದ ದಖ್ಖನ್ನಿನ ಸರದಾರರಿಗೆಲ್ಲ ಮನ್ಸಬ್ ಹಂಚಬೇಕಾಯಿತು. ಮನ್ಸಬ್ ಪಡೆದವರು ಜಾಗೀರಿಗಾಗಿ ವರ್ಷಗಟ್ಟಲೆ ಕಾದರು. ಸಿಕ್ಕವರೂ ನಾಳೆ ಕೈತಪ್ಪಬಹುದೆಂದು ಗೊತ್ತಿದ್ದರಿಂದ ಬಾವಿಗೂ ಬೀಜಕ್ಕೂ ಖರ್ಚು ಮಾಡಲಿಲ್ಲ, ಇದ್ದಷ್ಟನ್ನು ಹಿಂಡಿದರು. ದಖ್ಖನ್ನಿನ ದಂಡಿನಲ್ಲಿದ್ದ ಲೆಕ್ಕಿಗ ಭೀಮಸೇನ ಸಕ್ಸೇನಾ ಇದನ್ನೇ ತನ್ನ ನೆನಪುಗಳಲ್ಲಿ ದೂರುತ್ತಾನೆ.

ತೋದರಮಲ್ಲ ಅಳತೆಯನ್ನು ಸರಿಮಾಡಿದ. ಅಳೆದ ಅಂಕಿಯನ್ನು ಮೀರಿ ಸಂಬಳ ಬರೆದುಕೊಟ್ಟ ತಪ್ಪು ನಂತರದವರದ್ದು. ಫರೂಖ್‌ಸಿಯರ್ ಆಳುತ್ತಿದ್ದಾಗ, 1713–19ರ ನಡುವೆ, ದಿವಾನ ರತನ್ ಚಂದ್ ಬಾದಶಹನ ಸ್ವಂತ ಖಾಲ್ಸಾ ಭೂಮಿಯ ಕಂದಾಯವನ್ನೂ ಹೆಚ್ಚು ಕೂಗಿದವರಿಗೆ ಗುತ್ತಿಗೆಗೆ ಕೊಡತೊಡಗಿದ. ಗುತ್ತಿಗೆದಾರನಿಗೆ ಹೊಲ ಅಳೆಯುವ ಗರಜು ಇರಲಿಲ್ಲ.