ಚಾಂದ್ ಬೀಬಿಯ ಗಂಡ ಯಾರು, ಮಕ್ಕಳು ಯಾರು?

ಭೂತನಾಳದಿಂದ ಗೋಳಗುಮ್ಮಟದವರೆಗೆ ಚಾಂದ್ ಬೀಬಿಯ ಹೆಸರು ಕೇಳದವರಿಲ್ಲ. ಆಕೆಯ ಸಂಬಂಧಗಳ ವಿಷಯದಲ್ಲಿ ಮಾತ್ರ ಒಂದು ವಂಶಾವಳಿ ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ.

ತಪ್ಪು ಕಲ್ಪನೆ: ಆಕೆ ಅಹಮದ್‌ನಗರದ ರಾಣಿ, ಗಂಡ ನಿಜಾಮ್ ಶಾಹಿ ದೊರೆ.

ಸತ್ಯ: ಅಹಮದ್‌ನಗರ ಆಕೆಯ ತವರು. ತಂದೆ ಒಂದನೇ ಹುಸೇನ್ ನಿಜಾಮ್ ಶಾಹ. 1565ರ ತಾಳಿಕೋಟೆ ಯುದ್ಧಕ್ಕೆ ಮುನ್ನ ಅಹಮದ್‌ನಗರ, ವಿಜಯಪುರದ ಮನೆತನಗಳು ಹೆಣ್ಣು ಕೊಟ್ಟು ಹೆಣ್ಣು ತಂದವು. ಚಾಂದ್ ವಿಜಯಪುರದ ಒಂದನೇ ಅಲಿ ಆದಿಲ್ ಶಾಹನ ಕೈಹಿಡಿದಳು. ಅಲಿಯ ಸಹೋದರಿ ಚಾಂದ್‌ಳ ಸಹೋದರ ಮುರ್ತಜಾನ ಹೆಂಡತಿಯಾದಳು. ಹೀಗೆ ಎರಡೂ ಮನೆತನದ ಪಟ್ಟಿಗಳಲ್ಲಿ ಅವೇ ಹೆಸರುಗಳು ಕಾಣುತ್ತವೆ. ಯಾರು ಮಗಳು, ಯಾರು ಸೊಸೆ ಎಂದು ಬಿಡಿಸದೆ ಓದಿದರೆ ಗಂಡನೇ ಬದಲಾಗುತ್ತಾನೆ.

ತಪ್ಪು ಕಲ್ಪನೆ: ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ಆಕೆಯ ಮಗ.

ಸತ್ಯ: 1580ರಲ್ಲಿ ಅಲಿ ಕೊಲೆಯಾದಾಗ ಅವನಿಗೆ ಗಂಡು ಸಂತಾನ ಇರಲಿಲ್ಲ. ಪಟ್ಟಕ್ಕೆ ಬಂದ ಸುಮಾರು ಒಂಬತ್ತು ವರ್ಷದ ಇಬ್ರಾಹಿಂ ಅಲಿಯ ಸಹೋದರ ತಹಮಾಸ್ಪನ ಮಗ. ಚಾಂದ್ ಅವನ ಪರವಾಗಿ ಆಡಳಿತ ನೋಡಿಕೊಂಡಳು. ಸಾಕಿದ್ದೇ ಹೆತ್ತದ್ದಾಗಿ ಜನರ ಬಾಯಲ್ಲಿ ಉಳಿಯಿತು. ಇಬ್ರಾಹಿಂನ ಆಸ್ಥಾನದಲ್ಲೇ ಇದ್ದ ಇತಿಹಾಸಕಾರ ಫೆರಿಷ್ತಾ ಅವನನ್ನು ಅಲಿಯ ಸಹೋದರನ ಮಗ ಎಂದೇ ಬರೆದಿದ್ದಾನೆ. ಇಬ್ರಾಹಿಂ ರೋಜಾದಲ್ಲಿ ಅವನ ತಾಯಿಯ ಗೋರಿಯೆಂದು ಗುರುತಿಸುವುದು ಹಾಜಿ ಬಡೇ ಸಾಹಿಬಾಳದನ್ನು, ಚಾಂದ್ ಬೀಬಿಯದನ್ನಲ್ಲ. ಬಡೇ ಸಾಹಿಬಾ ಎಂಬುದು ಬಿರುದು. ಮುಂದೆ ಮುಹಮ್ಮದ್ ಆದಿಲ್ ಶಾಹನ ರಾಣಿ ಖದೀಜಾಳನ್ನೂ ಹಾಗೆಯೇ ಕರೆದರು. ಆದ್ದರಿಂದ ಬಿರುದೊಂದನ್ನೇ ನಂಬಿ ತಾಯಿಯನ್ನು ಗುರುತಿಸಲಾಗದು.

ತಪ್ಪು ಕಲ್ಪನೆ: ಚಾಂದ್ ಸುಲ್ತಾನಾ ಇಬ್ರಾಹಿಂನ ಹೆಂಡತಿ.

ಸತ್ಯ: ಈ ಹೆಸರಿನ ಇಬ್ಬರಿದ್ದರು. ಇಬ್ರಾಹಿಂನನ್ನು ಮದುವೆಯಾದವಳು ಗೋಲ್ಕೊಂಡದ ಮುಹಮ್ಮದ್ ಕುಲಿ ಕುತುಬ್ ಶಾಹನ ಸಹೋದರಿ ಮಲಿಕಾ ಜಹಾನ್. ಅವಳಿಗೂ ಚಾಂದ್ ಸುಲ್ತಾನಾ ಎಂಬ ಹೆಸರಿತ್ತು. ತವರು ಯಾವುದೆಂದು ಕೇಳಿದೊಡನೆ ಗೊಂದಲ ಬಗೆಹರಿಯುತ್ತದೆ: ಒಬ್ಬಳದು ಅಹಮದ್‌ನಗರ, ಇನ್ನೊಬ್ಬಳದು ಗೋಲ್ಕೊಂಡ.

ತಪ್ಪು ಕಲ್ಪನೆ: ಮೊಘಲರ ಮುತ್ತಿಗೆಯಲ್ಲಿ ಆಕೆ ಕಾಪಾಡಿದ ಬಹಾದೂರ್ ಆಕೆಯ ಮಗ ಅಥವಾ ಮೊಮ್ಮಗ.

ಸತ್ಯ: 1595–96ರಲ್ಲಿ ಆಕೆ ಅಹಮದ್‌ನಗರದ ಕೋಟೆ ಉಳಿಸಿದ್ದು ಸಹೋದರ ಬುರ್ಹಾನನ ಮೊಮ್ಮಗ ಬಹಾದೂರ್‌ಗಾಗಿ. ಈ ಮಗುವಿನ ತಂದೆಯ ಹೆಸರೂ ಇಬ್ರಾಹಿಂ, ಆದರೆ ಆತ ಇಬ್ರಾಹಿಂ ನಿಜಾಮ್ ಶಾಹ. ಮನೆತನದ ಹೆಸರು ಬಿಟ್ಟು ಬರೀ ‘ಇಬ್ರಾಹಿಂನ ಮಗ’ ಎಂದರೆ ಬಹಾದೂರ್ ವಿಜಯಪುರದವನಾಗಿಬಿಡುತ್ತಾನೆ.

ಹೀಗಾಗಿ ಪಟ್ಟಿಗಳು ಜಗಳವಾಡಿದಾಗ ರಾಣಿಯ ಹೆಸರಿನ ಜೊತೆಗೆ ತಂದೆ, ಗಂಡ, ಮದುವೆಯ ಕಾಲ ಮೂರನ್ನೂ ಬರೆದುಕೊಳ್ಳಬೇಕು. ಆಮೇಲೆ ಯಾವ ಬರಹ ಆ ಕಾಲಕ್ಕೆ ಹತ್ತಿರದ್ದು ಎಂದು ನೋಡಬೇಕು. ಚಾಂದ್ ಬೀಬಿಯ ಸಾಲಿನಲ್ಲಿ ಆಗ ಉಳಿಯುವುದಿಷ್ಟು: ತಂದೆ ಹುಸೇನ್, ಗಂಡ ಅಲಿ, ಇಬ್ರಾಹಿಂ ಗಂಡನ ಕಡೆಯ ಹುಡುಗ, ಬಹಾದೂರ್ ತವರಿನ ಕಡೆಯ ಕೂಸು.