ಕುತ್ತಿಗೆಯ ಕಪ್ಪು ಕೊಳೆಯಲ್ಲ

ನನ್ನ ಅಕ್ಕನ ಮಗಳಿಗೆ ಇಪ್ಪತ್ತನಾಲ್ಕು ವರ್ಷ. ಕುತ್ತಿಗೆಯ ಹಿಂಭಾಗ ಮತ್ತು ಕಂಕುಳು ಕಪ್ಪಾಗಿವೆ ಎಂಬ ಕೊರಗು ಅವಳಿಗೆ ಕಾಲೇಜಿನ ದಿನಗಳಿಂದಲೂ ಇತ್ತು. “ಸರಿಯಾಗಿ ಉಜ್ಜಿ ಸ್ನಾನ ಮಾಡೇ” ಎಂದು ಅಜ್ಜಿ ಹೇಳುತ್ತಿದ್ದರು. ಅವಳು ಉಜ್ಜಿದಳು. ಮೊದಲು ಕಡಲೆಹಿಟ್ಟು, ಆಮೇಲೆ ಸಕ್ಕರೆ ಅದ್ದಿದ ನಿಂಬೆಹೋಳು, ಕೊನೆಗೆ ಅಡುಗೆ ಸೋಡಾ. ಚರ್ಮ ಉರಿದು ಕೆಂಪಾಯಿತು, ಎರಡು ವಾರ ಕಳೆಯುವಷ್ಟರಲ್ಲಿ ಮೊದಲಿಗಿಂತ ಹೆಚ್ಚು ಕಪ್ಪಾಯಿತು. ಆಮೇಲೆ ಔಷಧಿ ಅಂಗಡಿಯವರು ಕೊಟ್ಟ ಒಂದು ಟ್ಯೂಬ್ ತಂದು ಹಚ್ಚಿಕೊಂಡಳು. ತಿಂಗಳೊಳಗೆ ಬಣ್ಣ ತಿಳಿಯಾಯಿತು. ನಿಲ್ಲಿಸಿದ ಕೂಡಲೇ ಮತ್ತೆ ಕಪ್ಪಾಗುತ್ತಿತ್ತು, ಹಾಗಾಗಿ ನಿಲ್ಲಿಸಲಿಲ್ಲ. ನಾಲ್ಕನೇ ತಿಂಗಳಲ್ಲಿ ಕಂಕುಳಲ್ಲಿ ಬಸುರಿಯ ಹೊಟ್ಟೆಯ ಮೇಲೆ ಮೂಡುವಂಥ ಗೆರೆಗಳು ಕಾಣಿಸಿಕೊಂಡವು. ಆಗ ಅವಳು ನನ್ನ ಬಳಿ ಬಂದು, “ಚಿಕ್ಕಮ್ಮ, ಇದು ಕ್ರೀಮಿಂದಲೇ ಆಗಿದ್ದಾ?” ಎಂದು ಕೇಳಿದಳು.

ಹೌದು, ಕ್ರೀಮಿನಿಂದಲೇ ಆಗಿತ್ತು. ಆ ಟ್ಯೂಬಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ತಿಳಿಯಬೇಕಾದ್ದು, ಆ ಕಪ್ಪು ಎಲ್ಲಿಂದ ಬಂತು ಎಂಬುದು.

ನಾವಿಬ್ಬರೂ ಚರ್ಮವೈದ್ಯರ ಬಳಿ ಹೋದೆವು. ಅವರು ಮೊದಲು ಕುತ್ತಿಗೆಯನ್ನು ಬೆರಳಿನಿಂದ ಸವರಿ ನೋಡಿದರು. ಅಲ್ಲಿಯ ಚರ್ಮ ಮಖಮಲ್ಲಿನ ಹಾಗೆ ಮೆತ್ತಗೆ, ಸ್ವಲ್ಪ ದಪ್ಪಗೆ, ಸಣ್ಣ ಮಡಿಕೆಗಳಿಂದ ಕೂಡಿತ್ತು. ಇದನ್ನು ಅಕಾಂಥೋಸಿಸ್ ನೈಗ್ರಿಕನ್ಸ್ ಎನ್ನುತ್ತಾರೆ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ ಹೋದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ರಕ್ತದಲ್ಲಿ ಹೆಚ್ಚಾದ ಆ ಇನ್ಸುಲಿನ್ ಚರ್ಮದ ಜೀವಕೋಶಗಳನ್ನು ಬೇಗಬೇಗ ಬೆಳೆಸುತ್ತದೆ. ಮೇಲ್ಪದರ ದಪ್ಪವಾಗಿ ಮಡಿಕೆ ಬೀಳುತ್ತದೆ. ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುವುದು ಬಹುಮಟ್ಟಿಗೆ ಈ ದಪ್ಪವೇ. ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್‌ನ ಪಾತ್ರ ಇಲ್ಲಿ ಚಿಕ್ಕದು. ಬಣ್ಣ ತೆಗೆಯುವ ಕ್ರೀಮುಗಳು ಇಂಥ ಕುತ್ತಿಗೆಯ ಮೇಲೆ ಸೋಲುವುದು ಇದೇ ಕಾರಣಕ್ಕೆ.

ವೈದ್ಯರು ರಕ್ತಪರೀಕ್ಷೆ ಬರೆದುಕೊಟ್ಟರು. ಖಾಲಿ ಹೊಟ್ಟೆಯ ಸಕ್ಕರೆ 108 ಬಂತು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.0 ಬಂತು. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿಯಲ್ಲಿ 5.7ರಿಂದ 6.4 ಇದ್ದರೆ ಅದು ಮಧುಮೇಹದ ಹೊಸ್ತಿಲು. ಮುಟ್ಟು ತಪ್ಪುವ, ಗಲ್ಲದ ಮೇಲೆ ಕೂದಲು ಬರುವ ಪಿಸಿಓಎಸ್ ಇರುವ ಹುಡುಗಿಯರಲ್ಲೂ ಇದೇ ಕಪ್ಪು ಸಾಮಾನ್ಯ.

ಕಂಕುಳಿನ ಕಪ್ಪೆಲ್ಲ ಇದೇ ಅಲ್ಲ. ಬೆರಳಿಟ್ಟರೆ ಚರ್ಮ ನುಣುಪಾಗಿಯೇ ಇದ್ದು ಬಣ್ಣ ಮಾತ್ರ ಗಾಢವಾಗಿದ್ದರೆ, ಅದು ಉರಿಯೂತ ಬಿಟ್ಟುಹೋದ ಕಲೆ. ಬ್ಲೇಡು, ವ್ಯಾಕ್ಸ್, ಕೂದಲು ತೆಗೆಯುವ ಕ್ರೀಮು, ಬಿಗಿಯಾದ ರವಿಕೆಯ ತೋಳು, ಡಿಯೋಡರೆಂಟಿನ ಸುಗಂಧ, ಇವುಗಳಲ್ಲಿ ಯಾವುದಾದರೂ ಚರ್ಮವನ್ನು ಕೆರಳಿಸಿದರೆ ಅದು ಮೆಲನಿನ್ ಹೆಚ್ಚಿಸಿಕೊಳ್ಳುತ್ತದೆ. ಕುತ್ತಿಗೆಯಲ್ಲಿ ಸರ ತಾಗುವ ಗೆರೆಯಲ್ಲಷ್ಟೇ ತುರಿಕೆ, ಕಪ್ಪು ಇದ್ದರೆ ಆ ಸರದಲ್ಲಿರುವ ನಿಕ್ಕಲ್ ಲೋಹವನ್ನು ಅನುಮಾನಿಸಬೇಕು. ಇನ್ನು ಅಂಚು ಸ್ಪಷ್ಟವಾಗಿದ್ದು, ಕಂದುಗೆಂಪು ಬಣ್ಣದಲ್ಲಿ ತೆಳುವಾಗಿ ಹೊಪ್ಪಳೆ ಏಳುತ್ತಿದ್ದರೆ ಅದು ಎರಿತ್ರಾಸ್ಮ ಎಂಬ ಬ್ಯಾಕ್ಟೀರಿಯಾ ಸೋಂಕು ಇರಬಹುದು. ವುಡ್ಸ್ ದೀಪದ ಬೆಳಕಿನಲ್ಲಿ ಅದು ಹವಳದ ಕೆಂಪಾಗಿ ಹೊಳೆಯುತ್ತದೆ. ಅದಕ್ಕೆ ಬೇಕಾದ್ದು ಸೋಂಕಿನ ಔಷಧಿ.

ಕಾರಣ ತಿಳಿದರೆ ಕ್ರೀಮಿನ ಆಯ್ಕೆ ಸುಲಭ. ದಪ್ಪವಾದ ಮಖಮಲ್ಲಿನ ಚರ್ಮಕ್ಕೆ ಆ ಪದರವನ್ನು ಮೆದುವಾಗಿ ಸಡಿಲಿಸುವ ವಸ್ತು ಬೇಕು. ಶೇ. 10ರ ಯೂರಿಯಾ ಅಥವಾ ಶೇ. 12ರ ಅಮೋನಿಯಂ ಲ್ಯಾಕ್ಟೇಟ್ ಇರುವ ಕ್ರೀಮನ್ನು ರಾತ್ರಿ ತೆಳುವಾಗಿ ಹಚ್ಚಬಹುದು. ನುಣುಪಾದ ಕಲೆಗೆ ಶೇ. 4ರಿಂದ 5ರ ನಯಾಸಿನಮೈಡ್ ಒಳ್ಳೆಯದು. ಇದು ವಿಟಮಿನ್ ಬಿ3ರ ಒಂದು ರೂಪ. ಮೆಲನಿನ್ ತಯಾರಾದ ಕೋಶದಿಂದ ಪಕ್ಕದ ಕೋಶಗಳಿಗೆ ಸಾಗುವುದನ್ನು ಇದು ಕಡಿಮೆ ಮಾಡುತ್ತದೆ, ಉರಿಯನ್ನೂ ಶಮನಗೊಳಿಸುತ್ತದೆ. ಅದು ಸಾಲದಾದರೆ ಶೇ. 10ರ ಅಜೆಲಾಯಿಕ್ ಆಸಿಡ್ ಬಳಸಬಹುದು. ಮೊದಮೊದಲು ಸ್ವಲ್ಪ ಚುರುಗುಟ್ಟುತ್ತದೆ, ಗರ್ಭಿಣಿಯರಿಗೂ ಸಾಮಾನ್ಯವಾಗಿ ಸುರಕ್ಷಿತ. ದಿನವೂ ಹಚ್ಚಲು ಇವು ಸಾಕು. ಯಾವುದೇ ಆದರೂ ಮೊದಲು ಮುಂಗೈ ಒಳಭಾಗದಲ್ಲಿ ಎರಡು ದಿನ ಹಚ್ಚಿ ನೋಡಿ. ಕೂದಲು ತೆಗೆದ ದಿನ ಹಚ್ಚಬೇಡಿ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ಹಾಗಾಗಿ ಎರಡು ಮೂರು ತಿಂಗಳು ಕಾಯದೆ ಫಲ ತಿಳಿಯುವುದಿಲ್ಲ. ಒಂದೇ ವಾರದಲ್ಲಿ ಬೆಳ್ಳಗಾದರೆ ಆ ಟ್ಯೂಬನ್ನು ಅನುಮಾನಿಸಿ.

ನನ್ನ ಅಕ್ಕನ ಮಗಳು ಹಚ್ಚುತ್ತಿದ್ದುದು ಅಂಥದ್ದೇ ಟ್ಯೂಬು. ಅದರ ಮೇಲೆ ಮೂರು ಹೆಸರುಗಳಿದ್ದವು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಈ ಮೂರರ ಜೋಡಿ ಮುಖದ ಬಂಗಿಗೆ ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಕೊಡುವ ಔಷಧಿ. ಇದರಲ್ಲಿ ಮೊಮೆಟಾಸೋನ್ ಸ್ಟೀರಾಯ್ಡ್. ಕಂಕುಳಿನ ಚರ್ಮ ತೆಳು, ಮಡಿಕೆಯೊಳಗೆ ಸದಾ ತೇವ. ಹೀಗಾಗಿ ಮೊಣಕೈ ಕೆಳಗಿನ ಚರ್ಮ ಹೀರುವುದಕ್ಕಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಸ್ಟೀರಾಯ್ಡ್ ಇಲ್ಲಿ ಒಳಗಿಳಿಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗಿ ಗೆರೆ ಬೀಳುತ್ತದೆ. ಆ ಗೆರೆಗಳು ಮಸುಕಾಗಬಹುದು, ಪೂರ್ತಿ ಅಳಿಯುವುದಿಲ್ಲ. ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಹಚ್ಚಿದವರ ಚರ್ಮದಲ್ಲಿ ನೀಲಿಗಪ್ಪು ಕಲೆ ಕೂರುವುದೂ ಉಂಟು, ಅದನ್ನು ತೆಗೆಯುವುದು ಬಹಳ ಕಷ್ಟ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂಬ ಹೆಸರು ಕಂಡರೂ ಅದು ಸ್ಟೀರಾಯ್ಡೇ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಬಿಗಿ ಮಾಡಿತು. ಆದರೂ ಕೇಳಿದರೆ ಕೊಡುವ ಅಂಗಡಿಗಳಿವೆ. ತಯಾರಕರ ವಿಳಾಸ, ಘಟಕಗಳ ಪಟ್ಟಿ ಇಲ್ಲದ ಬಿಳುಪಿನ ಡಬ್ಬಿಗಳನ್ನು ಮುಟ್ಟಲೇಬೇಡಿ, ಅವುಗಳಲ್ಲಿ ಪಾದರಸ ಇರುವ ಅಪಾಯವಿದೆ. ಪಾದರಸ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ.

ಅಕ್ಕನ ಮಗಳು ಆ ಟ್ಯೂಬನ್ನೂ ಉಜ್ಜುವುದನ್ನೂ ನಿಲ್ಲಿಸಿದಳು. ರಾತ್ರಿ ಕುತ್ತಿಗೆಗೆ ಯೂರಿಯಾ ಕ್ರೀಮು, ಸಂಜೆ ಮುಕ್ಕಾಲು ಗಂಟೆ ನಡಿಗೆ, ಊಟದಲ್ಲಿ ಅನ್ನ ಕಡಿಮೆ, ಹುರುಳಿ, ಕಾಳು ಮತ್ತು ಸೊಪ್ಪು ಹೆಚ್ಚು. ಎಂಟು ತಿಂಗಳಲ್ಲಿ ಆರು ಕಿಲೋ ಇಳಿದಳು, ಎಚ್‌ಬಿಎ1ಸಿ 5.6 ಆಯಿತು. ಕುತ್ತಿಗೆಯ ಮಡಿಕೆ ತೆಳುವಾಗಿ ಬಣ್ಣ ಮುಕ್ಕಾಲು ಭಾಗ ತಿಳಿಯಾಯಿತು. ಕಂಕುಳಿನ ಗೆರೆಗಳು ಮಾತ್ರ ಹಾಗೇ ಇವೆ.

ನಿಮ್ಮ ಮನೆಯ ಮಗುವಿನ ಕುತ್ತಿಗೆ ಕಪ್ಪಾಗಿ ಕಂಡರೆ ಉಜ್ಜು ಎನ್ನಬೇಡಿ. ಒಮ್ಮೆ ಬೆರಳಿನಿಂದ ಸವರಿ ನೋಡಿ. ಮಖಮಲ್ಲಿನಂತೆ ದಪ್ಪವಾಗಿದ್ದರೆ ಕ್ರೀಮು ಕೊಳ್ಳುವ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ತೂಕ ಇಳಿಯುತ್ತಿರುವ ನಡುವಯಸ್ಕರಲ್ಲಿ ಈ ಕಪ್ಪು ಇದ್ದಕ್ಕಿದ್ದಂತೆ ಕಾಣಿಸಿ, ಅಂಗೈ ಅಥವಾ ಬಾಯಿಯೊಳಗೂ ಹರಡಿದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಅಪರೂಪಕ್ಕೆ ಅದು ಹೊಟ್ಟೆಯೊಳಗಿನ ಕ್ಯಾನ್ಸರಿನ ಸೂಚನೆಯಾಗಿರುತ್ತದೆ.